ದಪ್ಪ ಮಗ್‌ನಲ್ಲಿ ಕಾಫಿ ಬೇಗ ಯಾಕೆ ಆರುತ್ತದೆ?

ದಪ್ಪ ಪಿಂಗಾಣಿ ಮಗ್‌ನಲ್ಲಿ ಕಾಫಿ ಜಾಸ್ತಿ ಹೊತ್ತು ಬಿಸಿಯಾಗಿರುತ್ತದೆ, ಪೇಪರ್ ಕಪ್‌ನಲ್ಲಿ ಬೇಗ ಆರಿಹೋಗುತ್ತದೆ ಎಂದು ಬಹಳಷ್ಟು ಜನ ನಂಬಿದ್ದಾರೆ. ಥರ್ಮಾಮೀಟರ್ ಇಟ್ಟು ನೋಡಿದರೆ ಮೊದಲ ಕೆಲವು ನಿಮಿಷ ಸಂಗತಿ ಪೂರ್ತಿ ಉಲ್ಟಾ. ಸುರಿದು ಅರ್ಧ ನಿಮಿಷ ಆಗುವಷ್ಟರಲ್ಲೇ ಪಿಂಗಾಣಿ ಮಗ್‌ನ ಕಾಫಿ ಹತ್ತು ಹದಿನೈದು ಡಿಗ್ರಿ ಇಳಿದಿರುತ್ತದೆ. ಪೇಪರ್ ಕಪ್‌ನದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಇಷ್ಟಾದರೂ ಮಗ್‌ನ ಕಾಫಿಯೇ ರುಚಿ ಅನ್ನಿಸುವುದೂ ನಿಜ. ಎರಡೂ ಹೇಗೆ ಸರಿ ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ.

ಕಾಫಿ 150 ಎಂಎಲ್, ಬಿಸಿ 90 ಡಿಗ್ರಿ. ಅಡುಗೆಮನೆ 25 ಡಿಗ್ರಿ, ಕಪ್ಪುಗಳೂ ಅಷ್ಟೇ. ನಮ್ಮ ಹತ್ತಿರ ಮೂರು ಕಪ್ ಇವೆ: 300 ಗ್ರಾಂ ತೂಗುವ ಪಿಂಗಾಣಿ ಮಗ್, 120 ಗ್ರಾಂ ಗಾಜಿನ ಲೋಟ, 5 ಗ್ರಾಂ ಪೇಪರ್ ಕಪ್. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೂಲ್ ಶಾಖ ಬೇಕು. ಕಾಫಿಯನ್ನೂ ನೀರಿನ ಲೆಕ್ಕಕ್ಕೇ ಹಿಡಿಯಬಹುದು. ಪಿಂಗಾಣಿಗೆ ಸುಮಾರು 0.9 ಜೂಲ್ ಸಾಕು, ಗಾಜಿಗೆ 0.84, ಕಾಗದಕ್ಕೆ ಸುಮಾರು 1.4. ಗ್ರಾಂ ಲೆಕ್ಕದಲ್ಲಿ ಪಿಂಗಾಣಿ ಏನೂ ಶಾಖ ನುಂಗುವ ವಸ್ತು ಅಲ್ಲ. ಆದರೆ ಮಗ್‌ನಲ್ಲಿ ಗ್ರಾಂಗಳೇ 300 ಇವೆಯಲ್ಲ, ಸಮಸ್ಯೆ ಅಲ್ಲಿದೆ.

ಕಾಫಿಯ ಬಿಸಿ ಒಂದು ಡಿಗ್ರಿ ಬದಲಾಗಲು 630 ಜೂಲ್ ಬೇಕು, ಮಗ್‌ಗೆ 270 ಜೂಲ್. ಮಗ್ ಬಿಸಿಯಾಗಬೇಕಾದರೆ ಆ ಶಾಖ ಕಾಫಿಯಿಂದಲೇ ಬರಬೇಕು, ಬೇರೆ ದಾರಿ ಇಲ್ಲ. ಎರಡೂ ಒಂದೇ ಬಿಸಿಗೆ ಬಂದಾಗ ಎಷ್ಟಿರುತ್ತದೆ ಎಂದು ನೋಡಿದರೆ 70.5 ಡಿಗ್ರಿ. ಗಾಜಿನ ಲೋಟದಲ್ಲಿ ಇದೇ ಲೆಕ್ಕ 81 ಡಿಗ್ರಿಗೆ ಬಂದು ನಿಲ್ಲುತ್ತದೆ. ಪೇಪರ್ ಕಪ್‌ನಲ್ಲಿ 89. ಗಾಳಿಗೆ ಒಂದಿಷ್ಟೂ ಶಾಖ ಹೋಗದಿದ್ದರೂ ಇಷ್ಟು ವ್ಯತ್ಯಾಸ! ನಿಜವಾದ ಮಗ್‌ನಲ್ಲಿ ಹಿಡಿ ಮತ್ತು ಕಾಫಿ ಮುಟ್ಟದ ಮೇಲಿನ ಅಂಚು ಪೂರ್ತಿ ಬಿಸಿಯಾಗುವುದಿಲ್ಲ. ಹಾಗಾಗಿ 70ರ ಬದಲು 73-75 ಡಿಗ್ರಿ ಸಿಗಬಹುದು. ಆದರೂ ಸುರಿದ ಕೂಡಲೇ ಆಗುವ ಈ ನಷ್ಟವೇ ಪಿಂಗಾಣಿ ಮಗ್‌ನಲ್ಲಿ ಅತಿ ದೊಡ್ಡದು.

ಗೋಡೆ ದಪ್ಪವಾದರೆ ಶಾಖ ತಡೆಯುತ್ತದಾ?

ದಪ್ಪ ಗೋಡೆ ಶಾಖವನ್ನು ಒಳಗೇ ತಡೆದು ಹಿಡಿಯುತ್ತದೆ ಎನ್ನುವುದು ಇನ್ನೊಂದು ನಂಬಿಕೆ. ಇದನ್ನೂ ಅಳೆದು ನೋಡಬಹುದು. ಕಾಫಿಯ ಶಾಖ ಹೊರಗೆ ಹೋಗಲು ಮೊದಲು ಕಪ್‌ನ ಗೋಡೆ ದಾಟಬೇಕು. ಆಮೇಲೆ ಕಪ್‌ನ ಹೊರಮೈಗೆ ಅಂಟಿಕೊಂಡಂತಿರುವ ತೆಳು ಗಾಳಿಯ ಪದರವನ್ನು ದಾಟಬೇಕು. ನಾಲ್ಕು ಮಿಲಿಮೀಟರ್ ಪಿಂಗಾಣಿ ಒಡ್ಡುವ ತಡೆಯನ್ನು 1 ಎಂದಿಟ್ಟುಕೊಂಡರೆ ಆ ಗಾಳಿಯ ಪದರ ಒಡ್ಡುವ ತಡೆ 35-40ರ ಹತ್ತಿರ ಬರುತ್ತದೆ. ಅಂದರೆ ಗೋಡೆ ಎಂಟು ಲೇನ್‌ನ ಹೆದ್ದಾರಿ, ಗಾಳಿಯ ಪದರ ಅದರ ತುದಿಯಲ್ಲಿ ಒಂದೇ ಕೌಂಟರ್ ತೆರೆದಿರುವ ಟೋಲ್ ಗೇಟ್. ಹೆದ್ದಾರಿಯಲ್ಲಿ ಒಂದು ಲೇನ್ ಮುಚ್ಚಿದರೂ ಗೇಟ್ ದಾಟುವ ಗಾಡಿಗಳ ಸಂಖ್ಯೆ ಅಷ್ಟೇ ಇರುತ್ತದೆ.

ಹಾಗಾಗಿ ಮಗ್‌ನ ಗೋಡೆಯನ್ನು 4 ಮಿಲಿಮೀಟರ್‌ನಿಂದ 8ಕ್ಕೆ ಏರಿಸಿದರೆ ಪಕ್ಕದಿಂದ ಹೋಗುವ ಶಾಖ ನೂರಕ್ಕೆ ಮೂರರಷ್ಟು ಕೂಡ ಕಡಿಮೆ ಆಗುವುದಿಲ್ಲ. ಆದರೆ ಮಗ್‌ನ ತೂಕ ಎರಡು ಪಟ್ಟಾಗುತ್ತದೆ. ಆಗ ಸುರಿದ ಕಾಫಿ 70ರ ಬದಲು 60 ಡಿಗ್ರಿಗೆ ಇಳಿದು ನಿಲ್ಲುತ್ತದೆ. ದಪ್ಪ ಮಾಡಿದ್ದರಿಂದ ಉಳಿದದ್ದು ಚೂರು, ಕಳೆದುಕೊಂಡದ್ದು ಹತ್ತು ಡಿಗ್ರಿ.

ಪೇಪರ್ ಕಪ್‌ನ ಕಥೆಯೂ ಇದೇ. ಕಾಗದ ಪಿಂಗಾಣಿಗಿಂತ ಬಹಳ ನಿಧಾನವಾಗಿ ಶಾಖ ಸಾಗಿಸುತ್ತದೆ, ಸರಿ. ಆದರೆ ಸಾದಾ ಕಪ್‌ನಲ್ಲಿ ಕಾಗದದ ದಪ್ಪ ಸುಮಾರು 0.3 ಮಿಲಿಮೀಟರ್ ಅಷ್ಟೇ. ಅಷ್ಟು ತೆಳು ಕಾಗದ ಕೊಡುವ ತಡೆ 4 ಮಿಲಿಮೀಟರ್ ಪಿಂಗಾಣಿ ಕೊಡುವ ತಡೆಗೆ ಹೆಚ್ಚುಕಮ್ಮಿ ಸಮ. ಅದಕ್ಕೇ ಪೇಪರ್ ಕಪ್ ಹಿಡಿದರೆ ಬೆರಳು ಸುಡುವುದು. ಒಳಗಿನ ಕಾಫಿ 89 ಡಿಗ್ರಿ ಇದೆ, ಹೊರಮೈ ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ಪಿಂಗಾಣಿ ಮಗ್‌ನ ಮೈಯೂ ಕಾಫಿಯಷ್ಟೇ ಬಿಸಿ ಇರುತ್ತದೆ. ಆದರೆ ಅಲ್ಲಿ ಕಾಫಿಯೇ 70ಕ್ಕೆ ಬಂದಿರುತ್ತದೆ, ಜೊತೆಗೆ ಹಿಡಿ ಬೇರೆ ಇದೆ.

ನಿಜವಾಗಿ ಶಾಖ ತಡೆಯಬೇಕಾದರೆ ಗೋಡೆಯೊಳಗೆ ಗಾಳಿ ಸಿಕ್ಕಿಕೊಳ್ಳಬೇಕು. ಒಂದು ಮಿಲಿಮೀಟರ್ ನಿಂತ ಗಾಳಿ 4 ಮಿಲಿಮೀಟರ್ ಪಿಂಗಾಣಿಗಿಂತ ಹತ್ತು ಪಟ್ಟಿಗೂ ಹೆಚ್ಚು ತಡೆ ಒಡ್ಡುತ್ತದೆ. ಸುಕ್ಕುಸುಕ್ಕು ಕಾಗದ ಸುತ್ತಿದ ದುಬಾರಿ ಪೇಪರ್ ಕಪ್‌ಗಳಲ್ಲಿ ಇರುವ ಗುಟ್ಟು ಇಷ್ಟೇ. ಟೀ ಅಂಗಡಿಯವರು ಎರಡು ಪೇಪರ್ ಕಪ್ ಒಂದರೊಳಗೊಂದು ಹಾಕಿ ಕೊಡುತ್ತಾರಲ್ಲ, ಅದೂ ಕೆಲಸ ಮಾಡುವುದು ನಡುವೆ ಸಿಕ್ಕಿಬಿದ್ದ ಗಾಳಿಯಿಂದಲೇ. ಎರಡು ಪದರದ ಗಾಜಿನ ಕಪ್ ಈ ವಿಚಾರದಲ್ಲಿ ಇನ್ನೂ ಜಾಣ. ಅದರ ಒಳಗೋಡೆ ತೆಳ್ಳಗಿರುವುದರಿಂದ ಕಾಫಿಯಿಂದ ಕಸಿಯುವುದು ಕಡಿಮೆ. ನಡುವಿನ ಗಾಳಿ ಪಕ್ಕದ ನಷ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಹೊರಗೋಡೆ ಬೆಚ್ಚಗಷ್ಟೇ ಇರುತ್ತದೆ. ಆದರೆ ಮೇಲೆ ಬಾಯಿ ತೆರೆದೇ ಇರುತ್ತದೆ ಅನ್ನುವುದನ್ನು ಮರೆಯಬಾರದು. ಆ ಮಾತಿಗೆ ಈಗಲೇ ಬರುತ್ತೇನೆ.

ಅದಕ್ಕೆ ಮುಂಚೆ ಗಾಜಿನ ಬಗ್ಗೆ ಒಂದು ಮಾತು. ಬಿಸಿ ಕಾಫಿ ಸುರಿದಾಗ ತೆಳು ಲೋಟಕ್ಕಿಂತ ದಪ್ಪ ಲೋಟವೇ ಬೇಗ ಸೀಳುತ್ತದೆ. ದಪ್ಪ ಗಾಜಿನ ಒಳಮೈ ತಕ್ಷಣ ಬಿಸಿಯಾಗಿ ಹಿಗ್ಗುತ್ತದೆ, ಹೊರಮೈಗೆ ಇನ್ನೂ ಸುದ್ದಿಯೇ ತಲುಪಿರುವುದಿಲ್ಲ. ಆ ಎಳೆದಾಟದಲ್ಲಿ ಬಿರುಕು ಬಿಡುತ್ತದೆ. ಸಾಮಾನ್ಯವಾಗಿ ತಳ ಮತ್ತು ಗೋಡೆ ಸೇರುವ ಕಡೆ ದಪ್ಪ ಒಮ್ಮೆಲೇ ಬದಲಾಗುವುದರಿಂದ ಬಿರುಕು ಅಲ್ಲೇ ಶುರುವಾಗುತ್ತದೆ. ಬೋರೋಸಿಲಿಕೇಟ್ ಗಾಜು ಸಾದಾ ಗಾಜಿನ ಸುಮಾರು ಮೂರನೇ ಒಂದರಷ್ಟೇ ಹಿಗ್ಗುವುದರಿಂದ ಇದನ್ನು ತಡೆದುಕೊಳ್ಳುತ್ತದೆ. ಸಾದಾ ದಪ್ಪ ಲೋಟವಾದರೆ ಮೊದಲು ಸ್ವಲ್ಪ ಬಿಸಿನೀರು ಸುತ್ತಿಸಿ ಚೆಲ್ಲಿ, ಆಮೇಲೆ ಕಾಫಿ ಹಾಕುವುದು ಕ್ಷೇಮ.

ಶಾಖ ಓಡಿಹೋಗುವ ಬಾಗಿಲು ಮೇಲಿದೆ

ಬಿಸಿ ಕಾಫಿಯ ಮೇಲ್ಮೈಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2300 ಜೂಲ್ ಶಾಖ ಹೊತ್ತೊಯ್ಯುತ್ತದೆ. ನಮ್ಮ 150 ಎಂಎಲ್ ಕಾಫಿಗೆ ಇದು ಮೂರೂವರೆ ಡಿಗ್ರಿಗೂ ಜಾಸ್ತಿ. ಕಾಲು ಚಮಚಕ್ಕಿಂತ ಕಡಿಮೆ ನೀರು ಹಬೆಯಾಗಿ ಹೋದರೆ ಇಷ್ಟು ಬಿಸಿ ಹೋಯಿತು. ಅಳತೆಗೆ ಅಳತೆ ಹೋಲಿಸಿದರೆ, ಗೋಡೆಯ ಒಂದು ಚದರ ಸೆಂಟಿಮೀಟರ್‌ಗಿಂತ ಕಾಫಿಯ ಮೇಲ್ಮೈಯ ಒಂದು ಚದರ ಸೆಂಟಿಮೀಟರ್ ಹಲವು ಪಟ್ಟು ಶಾಖ ಬಿಡುತ್ತದೆ.

ಇದನ್ನು ಮನೆಯ ಡಿಜಿಟಲ್ ತಕ್ಕಡಿಯಲ್ಲೇ ನೋಡಬಹುದು. ಕಾಫಿ ತುಂಬಿದ ಕಪ್ಪನ್ನು ತಕ್ಕಡಿ ಮೇಲೆ ಇಟ್ಟು ತೂಕ ಬರೆದುಕೊಳ್ಳಿ. ಹತ್ತು ನಿಮಿಷ ಮುಟ್ಟದೆ ಬಿಟ್ಟು ಮತ್ತೆ ನೋಡಿ. ತೂಕ 3 ಗ್ರಾಂ ಇಳಿದಿದ್ದರೆ, ಹಬೆಯೊಂದರಿಂದಲೇ ಸುಮಾರು 6900 ಜೂಲ್ ಹೋಗಿದೆ ಎಂದು ಅರ್ಥ. ಕಾಫಿ ಮತ್ತು ಪಿಂಗಾಣಿ ಮಗ್ ಎರಡೂ ಸೇರಿ ಒಂದು ಡಿಗ್ರಿ ಇಳಿಯಲು 900 ಜೂಲ್ ಹೋಗಬೇಕು ಎಂದು ಮೇಲೆ ಲೆಕ್ಕ ಹಾಕಿದೆವಲ್ಲ. ಹಾಗಾದರೆ ಹಬೆಯ ಪಾಲಿಗೆ ಏಳೂವರೆ ಡಿಗ್ರಿ ಬಂತು. ಒಟ್ಟು ಎಷ್ಟು ಇಳಿದಿದೆ ಎಂದು ಥರ್ಮಾಮೀಟರ್ ಹೇಳುತ್ತದೆ. ಅದರಲ್ಲಿ ಇದನ್ನು ಕಳೆದರೆ ಉಳಿದದ್ದು ಗೋಡೆ, ತಳ ಮತ್ತು ಮೇಲ್ಮೈ ಮುಟ್ಟಿಹೋಗುವ ಗಾಳಿಯ ಪಾಲು. ಇದೇ ಪ್ರಯೋಗವನ್ನು ತಿರುಗುವ ಫ್ಯಾನ್ ಕೆಳಗೆ ಮಾಡಿದರೆ ತೂಕ ಎಷ್ಟು ಬೇಗ ಇಳಿಯುತ್ತದೆ ಎಂದು ಗೊತ್ತಾಗುತ್ತದೆ. ಕಾಫಿಯ ಮೇಲೆ ನಿಂತ ಹಬೆಯನ್ನು ಫ್ಯಾನ್ ಗುಡಿಸಿಬಿಡುವುದರಿಂದ ಹೊಸ ಹಬೆಗೆ ಜಾಗವಾಗುತ್ತದೆ.

ಈಗ ಆಕಾರ ಯಾಕೆ ಮುಖ್ಯ ಎಂದು ತಾನಾಗಿಯೇ ಹೊಳೆಯುತ್ತದೆ. ಎಂಟು ಸೆಂಟಿಮೀಟರ್ ಅಗಲದ ಬಾಯಿಯ ಕಪ್‌ನಲ್ಲಿ ಕಾಫಿಯ ಮೇಲ್ಮೈ ಸುಮಾರು 50 ಚದರ ಸೆಂಟಿಮೀಟರ್. ಆರು ಸೆಂಟಿಮೀಟರ್ ಬಾಯಿಯಲ್ಲಿ ಬರೀ 28. ಅಗಲದಲ್ಲಿ ಕಂಡ ಸಣ್ಣ ವ್ಯತ್ಯಾಸ ಮೇಲ್ಮೈಯಲ್ಲಿ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಕಿರಿದಾದ ಕಪ್‌ನಲ್ಲಿ ಕಾಫಿ ಎತ್ತರಕ್ಕೆ ನಿಲ್ಲುವುದರಿಂದ ಪಕ್ಕದ ಗೋಡೆ ಸ್ವಲ್ಪ ಜಾಸ್ತಿ ಒದ್ದೆಯಾಗುತ್ತದೆ. ಆದರೆ ಗೋಡೆ ಬಿಡುವ ಶಾಖ ಕಡಿಮೆಯಾದ್ದರಿಂದ ಲಾಭವೇ ಮೇಲುಗೈ. ಸಾಸರಿಗೆ ಸುರಿದ ಕಾಫಿ ಕ್ಷಣದಲ್ಲಿ ಆರುವುದು ಇದೇ ಕಾರಣಕ್ಕೆ, ದವರದಿಂದ ಲೋಟಕ್ಕೆ ಎತ್ತಿ ಸುರಿದರೆ ಆರುವುದೂ ಇದೇ ಕಾರಣಕ್ಕೆ. ಹಾಗೆ ಸುರಿದಾಗ ಏಳುವ ನೊರೆ ಮಾತ್ರ ಆಮೇಲೆ ಉಲ್ಟಾ ಕೆಲಸ ಮಾಡುತ್ತದೆ. ಗಾಳಿ ತುಂಬಿದ ಗುಳ್ಳೆಗಳ ಪದರ ಕಾಫಿಯ ಮೇಲೆ ಮುಚ್ಚಳದ ಹಾಗೆ ಕೂತು ಆವಿಯನ್ನು ನಿಧಾನ ಮಾಡುತ್ತದೆ.

ಆವಿಯಾಗುವ ವೇಗ ಬಿಸಿಯ ಜೊತೆ ನೆಟ್ಟಗೆ ಏರುವುದಿಲ್ಲ, ಹಾರಿ ಏರುತ್ತದೆ. 90 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 60 ಡಿಗ್ರಿಯದಕ್ಕಿಂತ ಸುಮಾರು ಮೂರೂವರೆ ಪಟ್ಟು. ಅಂದರೆ ಪೇಪರ್ ಕಪ್‌ನಲ್ಲಿ 89 ಡಿಗ್ರಿ ಇರುವ ಕಾಫಿ ಜೋರಾಗಿ ಹಬೆ ಬಿಟ್ಟುಕೊಂಡು ಇಳಿಯುತ್ತದೆ. ಮಗ್‌ನಲ್ಲಿ 70 ಡಿಗ್ರಿಗೆ ಬಂದ ಕಾಫಿ ಅಷ್ಟು ಅವಸರ ಮಾಡುವುದಿಲ್ಲ.

ಕಳೆದುಕೊಂಡದ್ದು ವಾಪಸ್ ಬರುವುದು ಯಾವಾಗ

ಮಗ್ ಕಾಫಿಯಿಂದ ಕಸಿದುಕೊಂಡ ಶಾಖ ಎಲ್ಲೂ ಹೋಗಿಲ್ಲ, ಗೋಡೆಯಲ್ಲೇ ಇದೆ. ಕಾಫಿ ಆರುವಾಗ ಮಗ್ ಕೂಡ ಜೊತೆಗೇ ಆರಬೇಕು. ಹಾಗಾಗಿ ಇಳಿತ ನಿಧಾನವಾಗುತ್ತದೆ. ಮೂರೂ ಕಪ್ ಒಂದೇ ಆಕಾರದಲ್ಲಿವೆ, ಗಾಳಿಗೆ ಒಂದೇ ವೇಗದಲ್ಲಿ ಶಾಖ ಬಿಡುತ್ತವೆ ಎಂದುಕೊಳ್ಳಿ. 65ರಿಂದ 55 ಡಿಗ್ರಿಗೆ ಬರಲು ಪೇಪರ್ ಕಪ್‌ಗೆ 9 ನಿಮಿಷ ಬೇಕಾದರೆ ಗಾಜಿನ ಲೋಟಕ್ಕೆ ಹತ್ತು ನಿಮಿಷ ಚಿಲ್ಲರೆ, ಪಿಂಗಾಣಿ ಮಗ್‌ಗೆ ಹನ್ನೆರಡೂವರೆ.

ಈ 65-55ರ ನಡುವಿನ ಹೊತ್ತನ್ನೇ ನಾನು ಕಪ್‌ನ ಯೋಗ್ಯತೆ ಅಳೆಯಲು ಬಳಸುತ್ತೇನೆ. 65ಕ್ಕಿಂತ ಮೇಲೆ ನಾಲಿಗೆ ಸುಡುತ್ತದೆ, ರುಚಿ ಹಿಡಿಯಲು ಆಗುವುದಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 65 ಡಿಗ್ರಿಗಿಂತ ಬಿಸಿ ಪಾನೀಯಗಳನ್ನು ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿದ್ದೂ ಅನ್ನನಾಳ ಸುಡುವ ಈ ಬಿಸಿಯ ಕಾರಣಕ್ಕೆ. ಹಾಗೆ ನೋಡಿದರೆ ಪೇಪರ್ ಕಪ್‌ನ ತೊಂದರೆ ಕಾಫಿ ಬೇಗ ಆರುವುದಲ್ಲ. ಅದು ಕುಡಿಯಲಾಗದಷ್ಟು ಬಿಸಿಯಲ್ಲಿ ಬಹಳ ಹೊತ್ತು ಕಾಯಿಸುತ್ತದೆ, ಕುಡಿಯುವ ಹದಕ್ಕೆ ಬಂದ ಮೇಲೆ ಬೇಗ ದಾಟಿಹೋಗುತ್ತದೆ.

ತಣ್ಣನೆ ಮಗ್‌ನ ಕಾಫಿ ಪೇಪರ್ ಕಪ್‌ನ ಕಾಫಿಯನ್ನು ಹಿಂದೆ ಹಾಕಲು ಈ ಸರಳ ಲೆಕ್ಕದಲ್ಲಿ ಅರ್ಧ ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಎರಡೂ 45 ಡಿಗ್ರಿಗೆ ಬಂದು ಯಾರಿಗೂ ಬೇಡವಾಗಿರುತ್ತವೆ. ಆದರೆ ಮಗ್‌ಗೆ ಮೊದಲು ಬಿಸಿನೀರು ತುಂಬಿ ಒಂದೆರಡು ನಿಮಿಷ ಬಿಟ್ಟು ಚೆಲ್ಲಿದರೆ ಲೆಕ್ಕವೇ ಬದಲಾಗುತ್ತದೆ. ಮಗ್ 65 ಡಿಗ್ರಿಗೆ ಬಂದಿದ್ದರೆ ಕಾಫಿ 70ಕ್ಕೆ ಬೀಳುವುದಿಲ್ಲ, 82ರಲ್ಲೇ ನಿಲ್ಲುತ್ತದೆ. ಆಗ ಹತ್ತು ಹನ್ನೆರಡು ನಿಮಿಷಕ್ಕೇ ಪೇಪರ್ ಕಪ್ಪನ್ನು ಹಿಂದೆ ಹಾಕುತ್ತದೆ, ಆಮೇಲೆ ಮುಂದೆಯೇ ಇರುತ್ತದೆ. ಹಳೆಯ ಹೋಟೆಲ್‌ಗಳಲ್ಲಿ ಕಪ್ಪುಗಳನ್ನು ಬಿಸಿನೀರಿನಿಂದ ಎತ್ತಿ ಹಾಗೇ ಕಾಫಿ ಹಾಕಿಕೊಡುವುದನ್ನು ನೋಡಿರುತ್ತೀರಿ. ಎಸ್ಪ್ರೆಸೊ ಮೆಷಿನ್‌ನ ತಲೆಯ ಮೇಲೆ ಕಪ್ ಜೋಡಿಸಿಡುವುದೂ ಇದಕ್ಕೇ. ದಪ್ಪ ಮಗ್ ಬಿಸಿ ಮಾಡಿದರೆ ಮಾತ್ರ ಒಳ್ಳೆಯ ಮಗ್. ಸುಮ್ನೆ ಕಪಾಟಿನಿಂದ ತೆಗೆದು ಸುರಿದರೆ ತೆಳು ಗಾಜಿನ ಲೋಟವೇ ವಾಸಿ.

ಘಮದ ಲೆಕ್ಕ ಬೇರೆ

ಕಾಫಿಯ ಘಮದಲ್ಲಿ 800ಕ್ಕೂ ಹೆಚ್ಚು ಬಗೆಯ ಆವಿಯಾಗುವ ಅಂಶಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಕೆಲವೇ ಡಜನ್ ಮೂಗಿಗೆ ನಿಜವಾಗಿ ಮುಖ್ಯ. ಹುರಿದ ಕಾಫಿಯ ಆ ಗಾಢ ವಾಸನೆ ಕೊಡುವ ಗಂಧಕದ ಅಂಶವೊಂದು ಇದೆ, ಫರ್‌ಫ್ಯುರೈಲ್‌ಥಯಾಲ್ ಎಂದು ಹೆಸರು. ಡಿಕಾಕ್ಷನ್ ಇಳಿದ ಮೇಲೆ ಬೇಗ ಕಡಿಮೆಯಾಗುವವುಗಳಲ್ಲಿ ಇದೂ ಒಂದು. ಗಾಳಿಗೆ ಹೋಗುತ್ತದೆ, ಕಾಫಿಯೊಳಗಿನ ಕಂದು ಬಣ್ಣದ ಅಂಶಗಳಿಗೂ ಅಂಟಿಕೊಳ್ಳುತ್ತದೆ. ಬಿಸಿ ಜಾಸ್ತಿಯಾದಷ್ಟೂ ಘಮ ಬೇಗ ಹೊರಬರುತ್ತದೆ, ಬೇಗ ಖರ್ಚೂ ಆಗುತ್ತದೆ. ಪೇಪರ್ ಕಪ್‌ನಲ್ಲಿ ಆರಲಿ ಎಂದು ಕಾಯುವ ಆ ನಿಮಿಷಗಳಲ್ಲಿ ಘಮದ ಒಳ್ಳೆಯ ಪಾಲು ಕೋಣೆಗೆ ಹೋಗಿರುತ್ತದೆ, ಕುಡಿಯುವವರಿಗೆ ಸಿಕ್ಕಿರುವುದಿಲ್ಲ.

ಮೂಗಿಗೆ ಘಮ ಎರಡು ದಾರಿಯಲ್ಲಿ ಬರುತ್ತದೆ. ಕಪ್ ಬಾಯಿಯ ಹತ್ತಿರ ತಂದಾಗ ಮುಂದಿನಿಂದ, ನುಂಗಿದ ಮೇಲೆ ಗಂಟಲಿನ ಹಿಂದಿನಿಂದ. ಕಪ್‌ನ ಆಕಾರ ಆಳುವುದು ಮೊದಲ ದಾರಿಯನ್ನು. ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದಾದ ಕಪ್‌ನಲ್ಲಿ ಕಾಫಿಯ ಮೇಲೆ ಎರಡು ಮೂರು ಸೆಂಟಿಮೀಟರ್ ಖಾಲಿ ಬಿಟ್ಟರೆ ಆ ಜಾಗದಲ್ಲಿ ಘಮ ಸೇರಿಕೊಳ್ಳುತ್ತದೆ. ಗುಟುಕು ತೆಗೆಯುವಾಗ ಮೂಗು ಸೀದಾ ಅದರೊಳಗೆ ಇಳಿಯುತ್ತದೆ. ಅಂಚಿನವರೆಗೆ ತುಂಬಿದ ಅಗಲ ಕಪ್‌ನಲ್ಲಿ ಹಾಗೆ ಸೇರಲು ಜಾಗವೇ ಇಲ್ಲ. ಸುರಿದ ತಕ್ಷಣ ಮನೆಯೆಲ್ಲ ಘಮ್ ಅನ್ನುತ್ತದೆ, ಎರಡನೇ ಗುಟುಕಿಗೆ ಪೇಲವವಾಗುತ್ತದೆ. ಹೊರಕ್ಕೆ ಅರಳಿದ ಬಾಯಿಯ ಪೇಪರ್ ಕಪ್ ಈ ಮಟ್ಟಿಗೆ ಅಗಲ ಕಪ್‌ನ ಜಾತಿಗೇ ಸೇರಿದ್ದು. ಅದಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿದರೆ ಹಬೆ ನಿಂತು ಶಾಖವೇನೋ ಉಳಿಯುತ್ತದೆ, ಆದರೆ ಸಣ್ಣ ತೂತಿನಿಂದ ಹೀರುವಾಗ ಮೂಗಿಗೆ ಸಿಗುವುದು ಮುಚ್ಚಳದ ವಾಸನೆ. ಪಾರ್ಸಲ್ ತಂದ ಕಾಫಿಯ ಮುಚ್ಚಳವನ್ನು ಕುಡಿಯುವ ಮುಂಚೆ ಪೂರ್ತಿ ತೆಗೆದುಬಿಡುವುದೇ ಒಳ್ಳೆಯದು.

ಹಾಲು ಹಾಕಿದ ಕಾಫಿಯಲ್ಲಿ ಕಪ್‌ನ ಆಕಾರ ಮಾಡುವ ವ್ಯತ್ಯಾಸ ಕಡಿಮೆ. ಹಾಲಿನ ಕೊಬ್ಬು ಮತ್ತು ಪ್ರೋಟೀನು ಘಮದ ಅಂಶಗಳನ್ನು ಹಿಡಿದಿಟ್ಟುಕೊಳ್ಳುತ್ತವೆ, ಬಾಯಿಯೊಳಗೆ ಹೋದ ಮೇಲೆ ನಿಧಾನವಾಗಿ ಬಿಡುತ್ತವೆ. ಅಂಥ ಕಾಫಿಯಲ್ಲಿ ಎರಡನೇ ದಾರಿಯೇ ಮುಖ್ಯ. ಕಪ್ಪು ಕಾಫಿ ಕುಡಿಯುವವರು ಕಪ್‌ನ ಆಕಾರದ ಬಗ್ಗೆ ತಲೆ ಕೆಡಿಸಿಕೊಂಡರೆ ಅದಕ್ಕೆ ಅರ್ಥವಿದೆ.

ಕಾಫಿ ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡವರು ಇದನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್‌ನ ಬಹಳ ಕಾಲ ಬಳಕೆಯಲ್ಲಿದ್ದ ಕಪ್ಪಿಂಗ್ ನಿಯಮದ ಪ್ರಕಾರ ಬಟ್ಟಲು ಗಾಜಿನದೋ ಪಿಂಗಾಣಿಯದೋ ಆಗಿರಬೇಕು, ಬಾಯಿಯ ಅಗಲ 76ರಿಂದ 89 ಮಿಲಿಮೀಟರ್ ಒಳಗಿರಬೇಕು. ಒಂದು ಸುತ್ತಿನ ಎಲ್ಲ ಬಟ್ಟಲುಗಳೂ ಒಂದೇ ವಸ್ತು, ಒಂದೇ ಅಳತೆ. ಕಾಫಿ 71 ಡಿಗ್ರಿಗೆ ಇಳಿದ ಮೇಲೆಯೇ ಮೊದಲ ಚಮಚ ಹೀರುವುದು. ಆಮೇಲೆ ಆರುತ್ತಾ ಹೋದಂತೆ ಮತ್ತೆ ಮತ್ತೆ ನೋಡುತ್ತಾರೆ. ಬಟ್ಟಲು ಬೇರೆಬೇರೆಯಾದರೆ ಕಾಫಿಯ ಬದಲು ಬಟ್ಟಲಿಗೆ ಅಂಕ ಬೀಳುತ್ತದೆ, ಅಲ್ವಾ?

ಕಪ್‌ಗೆ ತನ್ನದೇ ವಾಸನೆ ಇದೆಯಾ ಎನ್ನುವುದನ್ನೂ ಮೊದಲು ನೋಡಬೇಕು. ಪರೀಕ್ಷೆ ಸುಲಭ. ಖಾಲಿ ಕಪ್‌ಗೆ ಕುದಿಯುವ ನೀರು ಹಾಕಿ ತಟ್ಟೆ ಮುಚ್ಚಿ ಎರಡು ಮೂರು ನಿಮಿಷ ಬಿಡಿ. ತಟ್ಟೆ ಎತ್ತಿದ ಕೂಡಲೇ ಮೂಗು ಇಡಿ. ಗಾಜಿನಿಂದ ಏನೂ ಬರಬಾರದು. ಬಂದರೆ ಅದು ಸೋಪಿನದು, ಇಲ್ಲವೇ ಒರೆಸಿದ ಬಟ್ಟೆಯದು. ಪೇಪರ್ ಕಪ್‌ನಿಂದ ಒದ್ದೆ ರಟ್ಟಿನ ವಾಸನೆ ಬರುವುದುಂಟು. ಕಾಗದ ನೆನೆಯದಿರಲು ಒಳಗೆ ಹಚ್ಚಿದ ಪಾಲಿಥೀನ್ ಪದರದ್ದೂ ಅದರ ಜೊತೆ ಸೇರಿರುತ್ತದೆ. ಆ ಪದರ ಕಾಫಿಯ ಘಮದ ಕೆಲವು ಎಣ್ಣೆಯಂಥ ಅಂಶಗಳನ್ನು ತಾನೂ ಹೀರಿಕೊಳ್ಳುತ್ತದೆ. ಚೆನ್ನಾಗಿ ಗ್ಲೇಜ್ ಮಾಡಿದ ಪಿಂಗಾಣಿಯೂ ಗಾಜಿನಂತೆ ನಿರ್ವಾಸನೆ. ಆದರೆ ಹಳೆಯ ಕಪ್‌ನ ಗ್ಲೇಜ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಕಂದು ಬಣ್ಣಕ್ಕೆ ತಿರುಗಿದ್ದರೆ, ಅದರೊಳಗೆ ಹಳೆಯ ಕಾಫಿಯ ಎಣ್ಣೆ ಕೂತಿದೆ ಎಂದರ್ಥ. ಬಿಸಿನೀರು ಬಿದ್ದಾಗ ಕಮಟು ವಾಸನೆ ಬಂದರೆ ಆ ಕಪ್ಪನ್ನು ಪೆನ್ನು ಇಡಲು ಬಳಸಿ.

ಇನ್ನು ನಮ್ಮ ಬೈಟು ಕಾಫಿ. ಒಂದು ಕಾಫಿಯನ್ನು ಎರಡು ಮಾಡಿದರೆ ತಲಾ 75 ಎಂಎಲ್. ಅದನ್ನು ಮನೆಯಲ್ಲಿ 300 ಗ್ರಾಂನ ಎರಡು ತಣ್ಣನೆ ಮಗ್‌ಗಳಿಗೆ ಸುರಿದರೆ, ಮೇಲಿನ ಲೆಕ್ಕದ ಪ್ರಕಾರವೇ, 90 ಡಿಗ್ರಿಯ ಕಾಫಿ ಕೂಡಲೇ 60ಕ್ಕೆ ಬಂದು ನಿಲ್ಲುತ್ತದೆ. ಕಾಫಿ ಅರ್ಧ ಆಯಿತು, ಮಗ್ ಮಾತ್ರ ಪೂರ್ತಿ ಪಾಲು ಕೇಳಿತು. ಮೇಲ್ಮೈಯೂ ಎರಡು ಕಡೆ ತೆರೆದುಕೊಂಡಿತು. ಅದೇ 80 ಗ್ರಾಂ ತೂಗುವ ಸಣ್ಣ ಗಾಜಿನ ಲೋಟಕ್ಕೆ ಹಾಕಿದರೆ 78 ಡಿಗ್ರಿ ಉಳಿಯುತ್ತದೆ. ಬೈಟು ಹೇಳಿದಾಗ ಹೋಟೆಲ್‌ನವರು ಪುಟ್ಟ ಲೋಟಗಳನ್ನೇ ತಂದಿಡುವುದರಲ್ಲಿ ಜಿಪುಣತನಕ್ಕಿಂತ ಭೌತಶಾಸ್ತ್ರವೇ ಜಾಸ್ತಿ ಇದೆ.